ಒಂದು ಚೌಕದೊಳಗೆ ಹನ್ನೆರಡು ವಾರ

ನಮ್ಮ ಹಾಲು ಸಾಗಣೆಯ ವಾರದ ಪಟ್ಟಿ ನನಗೆ ಬಹಳ ಇಷ್ಟ. ಗೇಟಿನಲ್ಲಿ ಬರೆದಿಟ್ಟ ಲಾರಿಗಳ ಸಮಯವೇ ಅದರ ಮೂಲ. ಆರು ಮಾರ್ಗಕ್ಕೆ ಆರು ಸಾಲು. ತಡವಾದ ಲಾರಿಗಳ ಶೇಕಡಾವಾರು, ಪಕ್ಕದಲ್ಲಿ 12 ವಾರಗಳ ಪುಟ್ಟ ಗೆರೆ, ಅಂದರೆ ಸ್ಪಾರ್ಕ್‌ಲೈನ್.

ಮೊದಲು ಎಕ್ಸೆಲ್‌ನ ಸಿದ್ಧ ಬಣ್ಣಗಳನ್ನೇ ಬಳಸಿದ್ದೆವು. ಅದು ಇರುವ ಅಂಕಿಗಳನ್ನೇ ಒಂದಕ್ಕೊಂದು ಹೋಲಿಸುತ್ತದೆ. ಎಲ್ಲ ಮಾರ್ಗಗಳೂ ಶೇ 4ರೊಳಗಿದ್ದ ಒಳ್ಳೆಯ ವಾರದಲ್ಲೂ ಒಂದಕ್ಕೆ ಕೆಂಪು ತಪ್ಪಲಿಲ್ಲ. ಶೇ 5ರವರೆಗೆ ಹಸಿರು, 10 ದಾಟಿದರೆ ಕೆಂಪು ಎಂದು ಮಿತಿ ಹಾಕಿದ ಮೇಲೆ ಬಣ್ಣಕ್ಕೆ ಅರ್ಥ ಬಂತು.

ಗೆರೆಗಳಿಗೂ ಒಂದೊಂದಕ್ಕೆ ಒಂದೊಂದು ಅಳತೆ ಇದ್ದರೆ ಸಣ್ಣ ಏರಿಳಿತವೂ ಬೆಟ್ಟದಂತೆ ಕಾಣುತ್ತದೆ. ಅಕ್ಷವನ್ನು `Same for All Sparklines` ಮಾಡಿದಾಗ ಐದು ಗೆರೆಗಳು ಮಲಗಿದವು. ಆರನೆಯದು ಮಾತ್ರ ವಾರ ವಾರಕ್ಕೂ ಏರುತ್ತಿತ್ತು, ಅದರ ಚೌಕ ಇನ್ನೂ ಹಸಿರಾಗಿದ್ದಾಗಲೇ.