ಬಿಸಿಲಿದ್ದರೂ ಸೋಲಾರ್ ಕೈಕೊಡುವುದೇಕೆ?

ಜಂಗಮಕೋಟೆ ಹೋಬಳಿಯ ರೇಷ್ಮೆ ರೈತರೊಬ್ಬರು ಬೇಸಿಗೆಯಲ್ಲಿ ಕೇಳಿದ ಪ್ರಶ್ನೆ ಇದು: “ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಐತೆ ಸಾರ್. ಬಿಸಿಲು ಬೆಂಕಿ ಸುರೀತಾ ಐತೆ. ಆದ್ರೂ ಕರೆಂಟ್ ಹೋದ್ರೆ ಹುಳದ ಮನೇಲಿ ಒಂದ್ ಫ್ಯಾನೂ ತಿರುಗಲ್ಲ. ಇದೆಂಥ ಸೋಲಾರ್?”

ಅವರ ಹುಳು ಆಗ ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುತ್ತಿದ್ದ ಹಂತ. ಆ ಹಂತದ ಹುಳುವಿಗೆ 25 ಡಿಗ್ರಿ ಆಸುಪಾಸಿನ ತಂಪು, ಒಳಗೆ ಗಾಳಿಯ ಓಡಾಟ ಎರಡೂ ಬೇಕು. ಹೊರಗೆ 36 ಡಿಗ್ರಿ ಇರುವಾಗ ಫ್ಯಾನು ನಿಂತರೆ ಬೆಳೆಯ ಮೇಲೆಯೇ ಹೊಡೆತ. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ಇನ್ವರ್ಟರ್ ಕೆಟ್ಟಿರಲಿಲ್ಲ. ಹೋಗಿ ನೋಡಿದರೆ ಅದರ ಚಿಕ್ಕ ಪರದೆಯ ಮೇಲೆ `No Grid` ಎಂದು ಬರೆದಿತ್ತು. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಮಾರಿದವರು ಆ ಕೆಲಸ ಏನೆಂದು ಇವರಿಗೆ ಹೇಳಿರಲಿಲ್ಲ, ಅಷ್ಟೆ.

ಅದು ಆನ್‌ಗ್ರಿಡ್ ವ್ಯವಸ್ಥೆ. ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಇನ್ವರ್ಟರ್ ಎಸಿ ಮಾಡುತ್ತದೆ. ಮನೆಗೆ ಬೇಕಾದಷ್ಟು ಬಳಕೆಯಾಗಿ ಮಿಕ್ಕಿದ್ದು ಮೀಟರ್ ದಾಟಿ ಬೆಸ್ಕಾಂ ಲೈನಿಗೆ ಹೋಗುತ್ತದೆ. ರಾತ್ರಿ ಅದೇ ಲೈನಿನಿಂದ ವಾಪಸು ಪಡೆಯುತ್ತೀರಿ. ಎರಡೂ ಕಡೆ ಓಡುವ ಮೀಟರು ಹೋದದ್ದು, ಬಂದದ್ದು ಎರಡನ್ನೂ ಲೆಕ್ಕ ಇಡುತ್ತದೆ. ಇಲ್ಲಿ ಬೆಸ್ಕಾಂ ಲೈನೇ ನಿಮ್ಮ ಕಣಜ. ಆನ್‌ಗ್ರಿಡ್ ಇನ್ವರ್ಟರು ತನ್ನ 230 ವೋಲ್ಟನ್ನೂ 50 ಹರ್ಟ್ಸನ್ನೂ ತಾನಾಗಿ ಹುಟ್ಟಿಸುವುದಿಲ್ಲ, ಲೈನನ್ನು ನೋಡಿಕೊಂಡು ಅದಕ್ಕೆ ಹೊಂದಿಸಿಕೊಳ್ಳುತ್ತದೆ. ಲೈನು ಸತ್ತರೆ 2 ಸೆಕೆಂಡಿನೊಳಗೆ ಇದೂ ನಿಲ್ಲಬೇಕೆಂಬುದು ನಿಯಮ. ಕರೆಂಟು ತೆಗೆದು ಕಂಬ ಹತ್ತಿರುವ ಲೈನ್‌ಮ್ಯಾನ್ ಕೈಗೆ ನಿಮ್ಮ ಮನೆಯ ಸೋಲಾರ್ ಕರೆಂಟು ಹೊಡೆಯಬಾರದಲ್ಲ, ಅದಕ್ಕೆ. ಹಾಗಾಗಿ ಆನ್‌ಗ್ರಿಡ್ ಇರುವುದು ಬಿಲ್ ಇಳಿಸುವುದಕ್ಕೆ ಮಾತ್ರ. ಪವರ್ ಕಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ತೊಂದರೆ ಹಳ್ಳಿಯಲ್ಲಿ ಹೆಚ್ಚು. ಟ್ರಾನ್ಸ್‌ಫಾರ್ಮರ್‌ನಿಂದ ದೂರ, ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ವೋಲ್ಟೇಜು ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಇನ್ವರ್ಟರ್ ಒಪ್ಪುವ ಮಿತಿ ದಾಟಿದರೆ ಕರೆಂಟಿದ್ದಾಗಲೂ ಅದು ನಿಲ್ಲುತ್ತದೆ. ಆಗ ಪರದೆಯ ಮೇಲೆ ಬರುವುದು `Grid Over Voltage` ಅಥವಾ `Grid Under Voltage`. ಪ್ಯಾನೆಲ್ ತೊಳೆದಿದ್ದೇವೆ, ಬಿಸಿಲೂ ಇದೆ, ಆದರೂ ತಿಂಗಳ ಯೂನಿಟ್ ಕಡಿಮೆ ಎನ್ನುವವರು ಮೊದಲು ನೋಡಬೇಕಾದ್ದು ಇನ್ವರ್ಟರ್ ಒಳಗಿನ ಈ ದೋಷಗಳ ಪಟ್ಟಿಯನ್ನು.

ಆಫ್‌ಗ್ರಿಡ್ ಇದಕ್ಕೆ ತದ್ವಿರುದ್ಧ. ಪ್ಯಾನೆಲ್, ಚಾರ್ಜ್ ಕಂಟ್ರೋಲರ್, ಬ್ಯಾಟರಿ, ಇನ್ವರ್ಟರ್ ಸೇರಿ ಮನೆಯೊಳಗೇ ಒಂದು ಪುಟ್ಟ ಸಬ್‌ಸ್ಟೇಷನ್. ಲೈನಿನ ಹಂಗಿಲ್ಲ. ಆದರೆ ಮಧ್ಯಾಹ್ನ ಬ್ಯಾಟರಿ ತುಂಬಿದ ಮೇಲೆ ಬರುವ ಬಿಸಿಲು ವ್ಯರ್ಥ, ಮಿಕ್ಕಿದ್ದನ್ನು ಕಳಿಸಲು ಜಾಗವಿಲ್ಲ. ಮೋಡ ಮುಚ್ಚಿದ ದಿನಗಳಿಗೂ ಆಗುವಷ್ಟು ಬ್ಯಾಟರಿ ಇಡಲು ಹೊರಟರೆ ಖರ್ಚು ದುಪ್ಪಟ್ಟಾಗುತ್ತದೆ. ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನವೂ ಇದಕ್ಕಿಲ್ಲ. 2024ರಲ್ಲಿ ಬಂದ ಆ ಯೋಜನೆ ಲೈನಿಗೆ ಸೇರಿದ ಸೋಲಾರಿಗೆ ಮಾತ್ರ. ಮೊದಲ 2 ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000ಕ್ಕೆ ಮಿತಿ.

ಹೈಬ್ರಿಡ್ ಎಂದರೆ ಎರಡೂ ಕೂಡಿದ್ದು. ಲೈನಿದ್ದಾಗ ಆನ್‌ಗ್ರಿಡ್‌ನಂತೆ ಮಿಕ್ಕಿದ್ದನ್ನು ಆಚೆ ಕಳಿಸುತ್ತದೆ. ಲೈನು ಹೋದ ಕ್ಷಣ ಆಚೆಗಿನ ಸಂಪರ್ಕ ಕಡಿದುಕೊಂಡು, ಪ್ಯಾನೆಲ್ ಮತ್ತು ಬ್ಯಾಟರಿಯಿಂದ ಮನೆ ನಡೆಸುತ್ತದೆ. ಲೈನ್‌ಮ್ಯಾನ್‌ಗೂ ಅಪಾಯವಿಲ್ಲ, ಫ್ಯಾನೂ ನಿಲ್ಲುವುದಿಲ್ಲ. ಲೈನಿಗೆ ಸೇರಿರುವುದರಿಂದ ಸಹಾಯಧನ ಇದಕ್ಕೂ ಸಿಗುತ್ತದೆ, ಬ್ಯಾಟರಿಯ ಖರ್ಚು ಮಾತ್ರ ನಮ್ಮದೇ.

ಹಾಗಾದರೆ ಎಲ್ಲರೂ ಹೈಬ್ರಿಡ್ ಹಾಕಿಸಿಬಿಡಬಹುದೇ? ನಾನು ಹಾಗೆ ಹೇಳುವುದಿಲ್ಲ. ಮನೆ ಯಾವ ಲೈನಿನಲ್ಲಿದೆ, ತಿಂಗಳಿಗೆ ಎಷ್ಟು ಯೂನಿಟ್ ಉರಿಯುತ್ತದೆ ಎಂಬ ಎರಡು ಸಂಗತಿ ನೋಡದೆ ಯಾರೂ ದುಡ್ಡು ಸುರಿಯಬಾರದು.

ನಮ್ಮ ಕಡೆ ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿಯ ಪ್ರತ್ಯೇಕ ಫೀಡರ್ ಇದೆ. ಅಲ್ಲಿ ಕರೆಂಟು ಹೋಗುವುದು ಮಳೆ ಗಾಳಿಗೆ, ದುರಸ್ತಿಗೆ, ಬೇಸಿಗೆಯ ಒತ್ತಡಕ್ಕೆ. ತೋಟದ ಮನೆಗಳ ಕತೆ ಬೇರೆ. ಹೊಲದ ನಡುವೆ ಪಂಪ್‌ಸೆಟ್ ಲೈನಿನಲ್ಲೇ ಇರುವ ಮನೆಗೆ ತ್ರೀ ಫೇಸ್ ದಿನಕ್ಕೆ ಸರದಿಯ ಕೆಲವು ಗಂಟೆ ಮಾತ್ರ, ಉಳಿದ ಹೊತ್ತು ಸಿಂಗಲ್ ಫೇಸ್ ಇದ್ದರೂ ವೋಲ್ಟೇಜು ನೆಟ್ಟಗಿರುವುದಿಲ್ಲ. ರೇಷ್ಮೆ ಹುಳುವಿನ ಮನೆಗಳು ಹಿಪ್ಪುನೇರಳೆ ತೋಟದ ಪಕ್ಕದಲ್ಲೇ ಇರುವುದರಿಂದ ಎಷ್ಟೋ ರೈತರು ಈ ಎರಡನೆಯ ಗುಂಪಿನವರು. ಅಂಥ ಲೈನಿಗೆ ಬರಿಯ ಆನ್‌ಗ್ರಿಡ್ ಹಾಕಿಸುವುದು ದುಡ್ಡು ದಂಡ. ಬಿಸಿಲಿನ ಹೊತ್ತಿನಲ್ಲೇ ಇನ್ವರ್ಟರ್ ಎಷ್ಟೋ ಬಾರಿ ಮಲಗಿರುತ್ತದೆ.

ಇನ್ನು ಯೂನಿಟ್ಟಿನ ಮಾತು. ಗೃಹಜ್ಯೋತಿ 2023ರಲ್ಲಿ ಬಂದ ಮೇಲೆ ತಿಂಗಳಿಗೆ 200 ಯೂನಿಟ್‌ ಒಳಗೆ, ತನ್ನ ಹಿಂದಿನ ಸರಾಸರಿಗೆ ತಕ್ಕಷ್ಟು ಬಳಸುವ ಮನೆಗೆ ಬಿಲ್ ಸೊನ್ನೆ. 90 ಯೂನಿಟ್ ಉರಿಸುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ. ಆ ಮನೆಗೆ ಬೇಕಿರುವುದು ಕರೆಂಟು ಹೋದಾಗ ದೀಪ, ಫ್ಯಾನು. ಅದಕ್ಕೆ 3 ಕಿಲೋವ್ಯಾಟ್ ಹೈಬ್ರಿಡ್ ಅತಿಯಾಯಿತು. ಈಗಿರುವ ಯುಪಿಎಸ್ ಬದಲು ಎರಡು ಪ್ಯಾನೆಲ್ಲಿನ ಸೋಲಾರ್ ಯುಪಿಎಸ್ ಸಾಕು. 250, 300 ಯೂನಿಟ್ ಉರಿಸುವ ಮನೆ ಪೂರ್ತಿ ಬಿಲ್ ಕಟ್ಟುತ್ತದೆ. ಕರ್ನಾಟಕದ ಬಿಸಿಲಿಗೆ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, 3 ಕಿಲೋವ್ಯಾಟ್ ತಿಂಗಳಿಗೆ 360ರ ಹತ್ತಿರ. ಹೈಬ್ರಿಡ್ ತನ್ನ ಬೆಲೆಯನ್ನು ದುಡಿದುಕೊಡುವುದು ಇಂಥ ಮನೆಯಲ್ಲಿ.

ಬ್ಯಾಟರಿ ಎಷ್ಟು ಬೇಕೆಂಬುದನ್ನು ಆ ರೈತರ ಮನೆಯ ಲೆಕ್ಕದಲ್ಲೇ ನೋಡೋಣ. ರಾತ್ರಿ ಕರೆಂಟು ಹೋದಾಗ ಅವರಿಗೆ ಬೇಕಾದ್ದು 9 ವ್ಯಾಟಿನ ಆರು ಬಲ್ಬು, 70 ವ್ಯಾಟಿನ ಮೂರು ಫ್ಯಾನು, 80 ವ್ಯಾಟಿನ ಟಿವಿ, ಫೋನ್ ಚಾರ್ಜು, ವೈಫೈಗೆ 30. ಒಟ್ಟು 375 ವ್ಯಾಟಿನಷ್ಟು. ನಾಲ್ಕು ಗಂಟೆ ಎಂದರೆ ಒಂದೂವರೆ ಯೂನಿಟ್. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿಯ ಮೇಲೆ ಬರೆದ ಲೆಕ್ಕ 1.8 ಯೂನಿಟ್. ಒಂದೇ ಸಾಕು ಅನ್ನಿಸುತ್ತದೆ, ಸಾಲದು. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬೇಗ ಸಾಯುತ್ತದೆ. ಉಳಿದ ಅರ್ಧದಲ್ಲೂ ಇನ್ವರ್ಟರ್ ಒಂದಿಷ್ಟು ನುಂಗುತ್ತದೆ. ಕೈಗೆ ಸಿಗುವುದು ಮುಕ್ಕಾಲು ಯೂನಿಟ್. ಹಾಗಾಗಿ ಎರಡು ಬ್ಯಾಟರಿ ಬೇಕು. ಲಿಥಿಯಂ ಆದರೆ ನೂರರಲ್ಲಿ 80, 90 ಪಾಲು ಬಳಸಬಹುದು. ಬೆಲೆ ಹೆಚ್ಚು, ಆದರೆ ಡಿಸ್ಟಿಲ್ಡ್ ವಾಟರ್ ಸುರಿಯುವ ಕೆಲಸವಿಲ್ಲ, ಬಾಳಿಕೆಯೂ ಜಾಸ್ತಿ. ದಿನಾ ಕರೆಂಟು ಹೋಗುವ ಕಡೆ ನನ್ನ ಒಲವು ಲಿಥಿಯಂ ಕಡೆಗೇ. ಅದಕ್ಕಿಂತ ಮೊದಲು ಫ್ಯಾನುಗಳನ್ನು 30 ವ್ಯಾಟಿನ ಬಿಎಲ್‌ಡಿಸಿಗೆ ಬದಲಾಯಿಸಿ. ಆ ಮೂರರಿಂದಲೇ 120 ವ್ಯಾಟ್ ಇಳಿಯುತ್ತದೆ, ಅದೇ ಬ್ಯಾಟರಿ ನಾಲ್ಕರ ಬದಲು ಐದೂವರೆ ಗಂಟೆಗೂ ಮಿಕ್ಕಿ ಬರುತ್ತದೆ.

ಹುಳುವಿನ ಮನೆಗೆ ಬೇಕಾದ ಹಗಲಿನ ಫ್ಯಾನುಗಳಿಗೆ ಬ್ಯಾಟರಿಯ ಭಾರವಿಲ್ಲ. ಹೈಬ್ರಿಡ್‌ನಲ್ಲಿ ಅವು ನೇರ ಪ್ಯಾನೆಲ್ಲಿನಿಂದಲೇ ತಿರುಗುತ್ತವೆ, ಮೋಡ ಅಡ್ಡ ಬಂದ ಹೊತ್ತು ಬ್ಯಾಟರಿ ಕೈಹಿಡಿಯುತ್ತದೆ. ಬೋರ್‌ವೆಲ್ ಮಾತ್ರ ಇದರ ಲೆಕ್ಕಕ್ಕೆ ತರಬೇಡಿ. ನಮ್ಮಲ್ಲಿ ಸಾವಿರ ಅಡಿ ದಾಟಿದ ಬೋರಿನ ಮೋಟಾರು ಮನೆಯ ಹೈಬ್ರಿಡ್‌ಗೆ ಎಟುಕುವಂಥದ್ದಲ್ಲ. ಸಂಪಿನ 1 ಎಚ್‌ಪಿ ಮೋಟಾರು ಕೂಡ ಸ್ಟಾರ್ಟ್ ಆಗುವ ಕ್ಷಣ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಸಣ್ಣ ಇನ್ವರ್ಟರ್ ಆ ಎಳೆತಕ್ಕೇ ಟ್ರಿಪ್ ಆಗುತ್ತದೆ.

ಅಂಗಡಿಯಲ್ಲಿ ಒಂದು ಗೊಂದಲವಿದೆ. ಬ್ಯಾಟರಿ, ಪ್ಯಾನೆಲ್, ಲೈನು ಮೂರೂ ಸೇರುವ ಯಾವ ಡಬ್ಬಿಯನ್ನೂ ‘ಹೈಬ್ರಿಡ್’ ಎಂದೇ ಮಾರುತ್ತಾರೆ. ಅವುಗಳಲ್ಲಿ ಹಲವು ಲೈನಿಗೆ ಒಂದು ಯೂನಿಟ್ಟೂ ಕಳಿಸಲಾರವು, ಬರಿಯ ಸೋಲಾರ್ ಯುಪಿಎಸ್. ಕೇಳಬೇಕಾದ ಪ್ರಶ್ನೆ ಒಂದೇ: “ಬ್ಯಾಟರಿ ತುಂಬಿದ್ ಮೇಲೆ ಮಿಕ್ಕಿದ್ ಕರೆಂಟ್ ಎಲ್ಲಿಗ್ ಹೋಗುತ್ತೆ?” ನೆಟ್ ಮೀಟರ್ ಮೂಲಕ ಲೈನಿಗೆ ಎಂದರೆ ಅದು ಹೈಬ್ರಿಡ್. ಉತ್ತರ ತಡವರಿಸಿದರೆ ಅದು ಹೈಬ್ರಿಡ್ ಅಲ್ಲ, ಆ ಬೆಲೆ ಕೊಡಬೇಡಿ. ಹಾಗೆಯೇ ಮನೆಯಲ್ಲಿರುವ ಹಳೆಯ ಯುಪಿಎಸ್ ಔಟ್‌ಪುಟ್ಟಿಗೆ ಆನ್‌ಗ್ರಿಡ್ ಇನ್ವರ್ಟರ್ ಸೇರಿಸಿ ಅದನ್ನು ‘ಏಮಾರಿಸುವ’ ಉಪಾಯ ಹೇಳುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಖರ್ಚಾಗದ ಕರೆಂಟು ಹಿಂದಕ್ಕೆ ನುಗ್ಗಿ ಯುಪಿಎಸ್ಸನ್ನೋ ಬ್ಯಾಟರಿಯನ್ನೋ ಸುಟ್ಟುಬಿಡಬಹುದು.

ಹಾಕಿಸಿದ ಮೇಲೆ ಹೆಚ್ಚಿನ ಮನೆಗಳಲ್ಲಿ ತಪ್ಪಾಗಿರುವುದು ಒಂದು ಸೆಟ್ಟಿಂಗ್. ಬ್ಯಾಟರಿಯನ್ನು ಲೈನಿನಿಂದಲೂ ಚಾರ್ಜ್ ಮಾಡು ಎಂದು ಬಿಟ್ಟಿರುತ್ತಾರೆ. ರಾತ್ರಿಯೇ ಅದು ಬೆಸ್ಕಾಂ ಕರೆಂಟಿನಿಂದ ತುಂಬಿ ಕೂತರೆ ಬೆಳಿಗ್ಗೆ ಬಿಸಿಲಿಗೆ ಜಾಗವೆಲ್ಲಿ? ಸೋಲಾರ್ ಯುಪಿಎಸ್‌ನಲ್ಲಿ ಈ ನಷ್ಟ ಪೂರ್ತಿ ನಿಮ್ಮದೇ. ಕಂಡುಹಿಡಿಯುವುದು ಸುಲಭ. ಸುಡುಬಿಸಿಲಿನ ಹನ್ನೊಂದು ಗಂಟೆಗೆ ಪರದೆಯಲ್ಲಿ ಪ್ಯಾನೆಲ್ಲಿನ ವ್ಯಾಟ್ ನೋಡಿ. 1,000 ವ್ಯಾಟಿನ ಪ್ಯಾನೆಲ್ ಇದ್ದು 100, 150 ತೋರಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಪ್ಯಾನೆಲ್ಲನ್ನಲ್ಲ, ಸೆಟ್ಟಿಂಗನ್ನು. ಮೊದಲ ಆದ್ಯತೆ ಸೋಲಾರಿಗೆ ಎಂದು ಬದಲಿಸಿ, ಬ್ಯಾಟರಿ ತೀರಾ ಇಳಿದಾಗ ಮಾತ್ರ ಲೈನಿನಿಂದ ತುಂಬುವಂತೆ ಇಡಿಸಿ.

ಕೊನೆಯ ಕಂತಿನ ದುಡ್ಡು ಕೊಡುವ ಮುಂಚೆ, ಕೆಲಸ ಮಾಡಿದವರು ಎದುರಿಗಿರುವಾಗಲೇ, ಬಿಸಿಲು ನೆತ್ತಿಗೆ ಬಂದ ಹೊತ್ತಿನಲ್ಲಿ ಮೇನ್ ಸ್ವಿಚ್ ಆಫ್ ಮಾಡಿಸಿ. ಬ್ಯಾಕಪ್ಪಿಗೆಂದು ಹೇಳಿದ್ದ ಪ್ರತಿ ಬಲ್ಬು, ಪ್ರತಿ ಫ್ಯಾನು ಓಡಬೇಕು. ಮತ್ತೆ ಆನ್ ಮಾಡಿದಾಗ ಆರ್‌ಸಿಸಿಬಿ ಬೀಳಬಾರದು. ಬಿದ್ದರೆ ಬ್ಯಾಕಪ್ ಸರ್ಕ್ಯೂಟಿನ ನ್ಯೂಟ್ರಲ್ಲು ಮನೆಯ ಉಳಿದ ವೈರಿಂಗಿನ ನ್ಯೂಟ್ರಲ್ಲಿನ ಜೊತೆ ಎಲ್ಲೋ ಬೆರೆತಿರುವ ಸಾಧ್ಯತೆಯೇ ಹೆಚ್ಚು. ಆರ್‌ಸಿಸಿಬಿ ತೆಗೆದುಬಿಡೋಣ ಎಂದರೆ ಒಪ್ಪಬೇಡಿ. ಎರಡನ್ನೂ ಬಿಡಿಸಿ ಬೇರೆ ಬೇರೆ ಎಳೆಸಿ.