ಪತ್ರ ದಾಟಿಸಿದ ಮೇಲೆ ಉಳಿಯುವ ಕೆಲಸ

ಫ್ರೆಂಚ್ ಪತ್ರವ್ಯವಹಾರದಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ದಾಟಿಸುವಾಗ ಎಲ್ಲರ ಬೆರಳಿಗೂ ತಾನಾಗಿ ಬರುವ ಸಾಲು ಒಂದಿದೆ: ‘ಜ ಮ ಪೆರ್ಮೆ ದ ವು ತ್ರಾನ್ಸ್‌ಮೆತ್ರ್’. ‘ಇದನ್ನು ತಮಗೆ ಕಳಿಸುವಷ್ಟು ಸಲುಗೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಅದರ ಅರ್ಥ. ಬೆಂಗಳೂರಿನಲ್ಲಿ ಕೂತು ಫ್ರಾನ್ಸಿನ ಗ್ರಾಹಕರ ಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಮೊದಲ ವರ್ಷ ನಾನು ಈ ಸಾಲನ್ನು ದಿನಕ್ಕೆ ಹತ್ತು ಸಲವಾದರೂ ಬರೆಯುತ್ತಿದ್ದೆ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದು ತಿಳಿದದ್ದು ಒಂದು ಕೆಲಸ ಕೆಟ್ಟ ಮೇಲೆ.

ತುಲೂಸಿನ ಗ್ರಾಹಕರೊಬ್ಬರಿಂದ ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾಗಿತ್ತು. ಅವರ ದೂರನ್ನು ಲೆಕ್ಕಪತ್ರ ವಿಭಾಗದ ಇಬ್ಬರಿಗೆ ಒಟ್ಟಿಗೆ ಕಳಿಸಿದೆ. ಮೇಲೆ ಆ ಸಾಲು, ಕೆಳಗೆ ‘ಆ ತೂತ್ ಫೆಂಜ್ ಯುತೀಲ್’, ಕೊನೆಗೆ ವಂದನೆ. ಮೂರು ವಾರ ಕಳೆದರೂ ಗ್ರಾಹಕರಿಗೆ ಉತ್ತರ ಹೋಗಿರಲಿಲ್ಲ. ಇಬ್ಬರಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆಂದು ಸುಮ್ಮನಿದ್ದರು. ನನ್ನ ಪತ್ರದಲ್ಲಿ ಅವರ ಆ ನಂಬಿಕೆಯನ್ನು ಸುಳ್ಳಾಗಿಸುವ ಒಂದು ಮಾತೂ ಇರಲಿಲ್ಲ.

ಲಿಯಾನಿನಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ನನ್ನ ಪತ್ರ ತರಿಸಿಕೊಂಡು ಓದಿದರು. ‘ನೀವು ಇಲ್ಲಿ ನಿಮ್ಮ ಬಗ್ಗೆ ಬರೆದಿದ್ದೀರಿ. ಅವರು ಏನು ಮಾಡಬೇಕೆಂದು ಎಲ್ಲಿ ಬರೆದಿದ್ದೀರಿ?’ ಎಂದು ಕೇಳಿದರು.

ಅವರ ಮಾತು ನಿಜ. ‘ಜ ಮ ಪೆರ್ಮೆ’ ಎಂಬುದು ಪೂರ್ತಿಯಾಗಿ ಕಳಿಸುವವರ ಕುರಿತ ಮಾತು. ಕೇಳದೆಯೇ ಕಳಿಸುತ್ತಿದ್ದೇನೆ, ನಿಮ್ಮ ಸಮಯ ತೆಗೆದುಕೊಳ್ಳುತ್ತಿದ್ದೇನೆ, ಮನ್ನಿಸಿ ಎಂಬ ಸಂಕೋಚ ಅದರಲ್ಲಿದೆ. ಹಾಗಾಗಿ ಪರಿಚಯವಿಲ್ಲದವರಿಗೆ, ಬೇರೆ ವಿಭಾಗದವರಿಗೆ, ಮೇಲಿನವರಿಗೆ ಕೇಳದೆ ಕಳಿಸುವಾಗ ಅದು ಸರಿಯಾಗಿ ಕೂರುತ್ತದೆ. ಅವರೇ ನಿನ್ನೆ ಫೋನಿನಲ್ಲಿ ‘ಕಳಿಸಿ’ ಎಂದಿದ್ದರೆ ಅದೇ ಸಾಲು ಅಪಸ್ವರ. ಕೇಳಿದ್ದನ್ನೇ ಮರೆತಂತೆ ಕಾಣುತ್ತದೆ. ಅಲ್ಲಿ ‘ಕೊಮ್ ಕೊಂವನ್ಯು’, ಅಂದರೆ ‘ಮಾತಾಡಿಕೊಂಡಂತೆ’, ಎಂದು ಶುರುಮಾಡಿ ನೇರವಾಗಿ ‘ಜ ವು ತ್ರಾನ್ಸ್‌ಮೆ’, ‘ಕಳಿಸುತ್ತಿದ್ದೇನೆ’, ಎಂದರೆ ಸಾಕು. ಪಕ್ಕದ ಮೇಜಿನ ಗೆಳೆಯರಿಗೂ ಈ ಸಲುಗೆಯ ಮಾತು ಬೇಡ.

ಪಡೆದವರು ಏನು ಮಾಡಬೇಕೆಂದು ಹೇಳುವುದು ಪತ್ರದ ಎರಡನೆಯ ಅರ್ಧ. ಫ್ರಾನ್ಸಿನ ಸರ್ಕಾರಿ ಕಚೇರಿಗಳು ಇದಕ್ಕೆ ಚಿಕ್ಕ ಚಿಕ್ಕ ಪದಗುಚ್ಛಗಳನ್ನು ಇಟ್ಟುಕೊಂಡಿವೆ. ‘ಪುರ್ ಎಂಫೊರ್ಮಾಸ್ಯೋಂ’ ಎಂದರೆ ಓದಿಕೊಳ್ಳಿ, ಅಷ್ಟೇ. ‘ಪುರ್ ಅತ್ರಿಬ್ಯುಸ್ಯೋಂ’ ಎಂದರೆ ಇದು ನಿಮ್ಮ ಪಾಲಿನ ಕೆಲಸ. ‘ಪುರ್ ಅವಿ’ ಎಂದರೆ ಅಭಿಪ್ರಾಯ ತಿಳಿಸಿ. ನಮ್ಮ ಕಡತಗಳ ‘ಮಾಹಿತಿಗಾಗಿ’ ಮತ್ತು ‘ಸೂಕ್ತ ಕ್ರಮಕ್ಕಾಗಿ’ ನೋಡಿದವರಿಗೆ ಈ ವ್ಯತ್ಯಾಸ ಹೊಸದೇನಲ್ಲ. ಅಲ್ಲಿಯೂ ಒಂದೇ ಪತ್ರ ಕೆಲವರಿಗೆ ಕ್ರಮಕ್ಕಾಗಿ, ಕೆಲವರಿಗೆ ಮಾಹಿತಿಗಾಗಿ ಹೋಗುತ್ತದೆ. ಯಾರು ಯಾವ ಪಟ್ಟಿಯಲ್ಲಿದ್ದಾರೆಂಬುದು ಬರಹದಲ್ಲೇ ಕಾಣುತ್ತದೆ.

ನಾನು ಹಾಕಿದ್ದ ‘ಆ ತೂತ್ ಫೆಂಜ್ ಯುತೀಲ್’ ಈ ಸಾಲಿಗೆ ಸೇರಿದ್ದೇ ಅಲ್ಲ. ‘ಯಾವ ಉಪಯೋಗಕ್ಕೆ ಬಂದರೂ ಬರಲಿ’ ಎಂಬಷ್ಟೇ ಅದರ ತೂಕ. ಮುಂದೆಂದಾದರೂ ಬೇಕಾಗಬಹುದಾದ ದಾಖಲೆ ಕಳಿಸುವಾಗ ಅದು ಒಳ್ಳೆಯ ಮಾತು. ಕೆಲಸ ಆಗಲೇಬೇಕಾದ ಕಡೆ ಅದನ್ನು ಹಾಕಿದರೆ, ಕೆಲಸ ಮಾಡದಿರುವ ಸ್ವಾತಂತ್ರ್ಯವನ್ನು ನಾವೇ ಬರೆದು ಕೊಟ್ಟಂತೆ. ‘ಜ ವು ಆಂ ಸ್ವೆತ್ ಬೊನ್ ರೆಸೆಪ್ಸ್ಯೋಂ’ ಎಂಬ ಮುಕ್ತಾಯವೂ ಹೀಗೆಯೇ. ‘ಇದು ಚೆನ್ನಾಗಿ ನಿಮ್ಮ ಕೈ ಸೇರಲಿ’ ಎಂದು ಹಾರೈಸುತ್ತದೆ; ಕೈ ಸೇರಿದೊಡನೆ ಪತ್ರದ ಬೇಡಿಕೆ ಮುಗಿದುಹೋಗುತ್ತದೆ.

ಇನ್ನು ಕೇಳುವ ಧಾಟಿ. ‘ಮೆರ್ಸಿ ದ ರೆಪೊಂದ್ರ್’ ಎಂದರೆ ‘ಉತ್ತರಿಸಿದ್ದಕ್ಕೆ ಧನ್ಯವಾದ’. ಇನ್ನೂ ಮಾಡದ ಕೆಲಸಕ್ಕೆ ಮೊದಲೇ ಧನ್ಯವಾದ. ಸರೀಕರ ನಡುವೆ ನಡೆಯುತ್ತದೆ, ಮೇಲಿನವರಿಗೆ ಆಜ್ಞೆಯಂತೆ ಕೇಳಿಸುತ್ತದೆ. ಕಚೇರಿಯ ಹಳೆಯ ಸಂಪ್ರದಾಯದಲ್ಲಿ ಇದಕ್ಕಿಂತ ನವಿರಾದ ಗೆರೆಯೊಂದಿದೆ. ಕೆಳಗಿನವರು ಮೇಲಿನವರನ್ನು ಕೇಳುವಾಗ ‘ಬ್ಯೆಂ ವುಲ್ವಾರ್’, ಮೇಲಿನವರು ಕೆಳಗಿನವರಿಗೆ ಹೇಳುವಾಗ ‘ವುಲ್ವಾರ್ ಬ್ಯೆಂ’. ಪದಗಳು ಎರಡೇ; ಹಿಂದುಮುಂದಾದರೆ ವಿನಂತಿ ಆದೇಶವಾಗುತ್ತದೆ. ಈ ಭೇದವನ್ನು ಎಲ್ಲ ವ್ಯಾಕರಣಕಾರರೂ ಒಪ್ಪುವುದಿಲ್ಲ, ಇಂದಿನ ಎಳೆಯರಲ್ಲಿ ಅನೇಕರು ಗಮನಿಸುವುದೂ ಇಲ್ಲ. ಆದರೂ ಗಮನಿಸುವ ಹಿರಿಯ ಅಧಿಕಾರಿ ಎದುರಿಗಿದ್ದರೆ ‘ಬ್ಯೆಂ’ ಮೊದಲು ಬರುವುದೇ ಕ್ಷೇಮ ಎಂಬುದು ನನ್ನ ಅನುಭವ. ದಿನನಿತ್ಯದ ಮೇಲ್‌ಗಳಿಗೆ ಮಾತ್ರ ‘ಪುರ್ಯೆ-ವು’, ‘ನಿಮಗೆ ಸಾಧ್ಯವಾದೀತೇ’, ಎನ್ನುವುದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಅದು ಪ್ರಶ್ನೆ, ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಪಡೆದವರು ಆಯಿತು. ಮೂಲ ಪತ್ರ ಬರೆದವರ ಗತಿ? ಫ್ರಾನ್ಸಿನಲ್ಲಿ ಸರ್ಕಾರಿ ಕಚೇರಿಗಳ ಮಟ್ಟಿಗೆ ಇದು ಬರಿಯ ಸೌಜನ್ಯವಲ್ಲ, ಕಾನೂನು. 2016ರ ಜನವರಿಯಲ್ಲಿ ಜಾರಿಗೆ ಬಂದ, ಸಾರ್ವಜನಿಕರು ಮತ್ತು ಆಡಳಿತದ ಸಂಬಂಧಗಳ ಸಂಹಿತೆಯ ಎಲ್. 114-2ನೇ ವಿಧಿಯ ಪ್ರಕಾರ, ತನಗೆ ಸಂಬಂಧಿಸದ ಅರ್ಜಿ ಬಂದರೆ ಕಚೇರಿ ಅದನ್ನು ಸಂಬಂಧಪಟ್ಟ ಕಚೇರಿಗೆ ದಾಟಿಸಬೇಕು, ದಾಟಿಸಿದ್ದನ್ನು ಅರ್ಜಿದಾರರಿಗೆ ತಿಳಿಸಬೇಕು. ಮುಂದಿನ ವಿಧಿ ಇನ್ನೂ ಸೂಕ್ಷ್ಮ. ಉತ್ತರ ಬಾರದಿದ್ದರೆ ಅರ್ಜಿ ತಿರಸ್ಕೃತವಾಯಿತೆಂದು ಎಣಿಸುವ ಕಡೆ, ಅವಧಿ ಶುರುವಾಗುವುದು ಮೊದಲ ಕಚೇರಿಗೆ ಅರ್ಜಿ ಮುಟ್ಟಿದ ದಿನದಿಂದ. ಮೌನವೇ ಒಪ್ಪಿಗೆಯಾಗುವ ಕಡೆ, ಸರಿಯಾದ ಕಚೇರಿಗೆ ಮುಟ್ಟಿದ ದಿನದಿಂದ. ಹೀಗಾಗಿ ದಾಟಿಸುವ ಪತ್ರದಲ್ಲಿ ಮೂಲ ಅರ್ಜಿ ಬಂದ ತಾರೀಖು ಇಲ್ಲದಿದ್ದರೆ ಎರಡನೆಯ ಕಚೇರಿಗೆ ತನ್ನ ಗಡುವೇ ಗೊತ್ತಾಗದೆ ಹೋಗಬಹುದು.

ನಮ್ಮದು ಖಾಸಗಿ ಕಂಪನಿ, ಆ ವಿಧಿ ನಮಗೆ ಅನ್ವಯಿಸುತ್ತಿರಲಿಲ್ಲ. ಆದರೂ ತುಲೂಸಿನ ದೂರನ್ನು ಮತ್ತೆ ಕಳಿಸುವಾಗ ಅದನ್ನೇ ಮಾದರಿ ಮಾಡಿಕೊಂಡೆ. ಈ ಸಲ ಪತ್ರ ಇಬ್ಬರಿಗಲ್ಲ, ಒಬ್ಬರಿಗೆ. ಇನ್ನೊಬ್ಬರು Cc ಸಾಲಿನಲ್ಲಿ. ವಿಷಯದ ಸಾಲಿನಲ್ಲಿ ತಾನಾಗಿ ಕೂತಿದ್ದ TR ಅಕ್ಷರಗಳ ಮುಂದೆ ಬಿಲ್ಲಿನ ಸಂಖ್ಯೆ ಮತ್ತು ‘ಎರಡು ಬಾರಿ ಕಡಿತ’ ಎಂದು ಸೇರಿಸಿದೆ. ಪತ್ರದ ಒಳಗಿದ್ದುದನ್ನು ಕನ್ನಡದಲ್ಲಿ ಹೇಳುವುದಾದರೆ:

‘ನಮಸ್ಕಾರ ಮೇಡಂ. 3ನೇ ತಾರೀಖು ಬಂದ ಗ್ರಾಹಕರ ದೂರನ್ನು ತಮಗೆ ಕಳಿಸುವ ಸಲುಗೆ ತೆಗೆದುಕೊಳ್ಳುತ್ತಿದ್ದೇನೆ. ಒಂದೇ ಬಿಲ್ಲಿಗೆ ಎರಡು ಸಲ ಹಣ ಕಡಿತವಾಗಿದೆ ಎಂದು ಅವರು ಬರೆದಿದ್ದಾರೆ. ಬ್ಯಾಂಕಿನ ವಿವರ ಲಗತ್ತಿಸಿದೆ. ಪರಿಶೀಲಿಸಿ, ಶುಕ್ರವಾರದೊಳಗೆ ಅವರಿಗೆ ನೇರವಾಗಿ ಉತ್ತರಿಸಲು ತಮಗೆ ಸಾಧ್ಯವಾದೀತೇ? ದೂರು ತಮ್ಮ ವಿಭಾಗಕ್ಕೆ ಬಂದಿದೆ ಎಂದು ಅವರಿಗೆ ಇಂದೇ ತಿಳಿಸಿದ್ದೇನೆ. ತಮ್ಮ ಸಹೋದ್ಯೋಗಿಗೆ ಈ ಪ್ರತಿ ಮಾಹಿತಿಗಾಗಿ ಮಾತ್ರ.’

‘ಸಲುಗೆ’ಯ ಮಾತನ್ನು ಇಲ್ಲಿ ಬೇಕೆಂದೇ ಉಳಿಸಿಕೊಂಡೆ. ಆ ಮಹಿಳೆಯ ಪರಿಚಯ ನನಗಿರಲಿಲ್ಲ, ಅವರು ನನ್ನನ್ನು ಏನೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಅವರಿಂದ ಒಂದೇ ಸಾಲಿನ ಉತ್ತರ ಬಂತು: ‘ನಾನು ನೋಡಿಕೊಳ್ಳುತ್ತೇನೆ.’ ಗುರುವಾರ ಗ್ರಾಹಕರ ಹಣ ಮರಳಿತು.