ಸಣ್ಣ ವಾಹಿನಿಗೆ ಖಾಲಿ ಕೋಷ್ಟಕ ಏಕೆ?

ಅಂಕೋಲೆಯ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕರು ಯೂಟ್ಯೂಬ್‌ನಲ್ಲಿ ಸಣ್ಣ ವಾಹಿನಿಯೊಂದನ್ನು ನಡೆಸುತ್ತಿದ್ದಾರೆ ಎಂದು ಭಾವಿಸೋಣ. ಕಾರವಾರದ ಬಳಿ ಕಾಳಿ ನದಿಯ ಅಳಿವೆಯಲ್ಲಿರುವ ಕಾಂಡ್ಲಾ ಕಾಡನ್ನು ಕುರಿತ ಅವರ ವಿಡಿಯೋಗೆ 28 ದಿನಗಳಲ್ಲಿ 90 ವೀಕ್ಷಣೆಗಳು ಬಂದಿವೆ. ನೋಡಿದವರ ವಯಸ್ಸು ಮತ್ತು ಲಿಂಗದ ವಿವರ ಇರಬೇಕಾದ ಜಾಗದಲ್ಲಿ ಮಾತ್ರ `Not enough demographic data to show this report` ಎಂಬ ಸಾಲು ಕಾಣುತ್ತದೆ. 90 ಸಂಖ್ಯೆ ಇದ್ದೂ ಮಾಹಿತಿ ಸಾಲದು ಎನ್ನುವುದೇಕೆ?

ಮೊದಲನೆಯದಾಗಿ, 90 ವೀಕ್ಷಣೆ ಎಂದರೆ 90 ಜನರಲ್ಲ. ಒಬ್ಬರೇ ಎರಡು ಮೂರು ಸಲ ನೋಡಿರಬಹುದು. ಈ ವೀಕ್ಷಣೆಗಳು 50 ಸಾಧನಗಳಿಂದ ಬಂದವೆಂದು ಇಟ್ಟುಕೊಳ್ಳಿ. ಅವುಗಳಲ್ಲಿ 30, ಶಾಲೆಯ ಕಂಪ್ಯೂಟರ್ ಕೊಠಡಿಯಂತಹ ಕಡೆ ಯಾರೂ ಲಾಗಿನ್ ಆಗದೆ ನೋಡಿದವು. ವಯಸ್ಸು ಮತ್ತು ಲಿಂಗದ ವರದಿಗೆ ಲಾಗಿನ್ ಆದ ಖಾತೆಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ. ಹೀಗಾಗಿ ಉಳಿಯುವುದು 20 ಖಾತೆಗಳು.

ಆ 20 ಖಾತೆಗಳ ವಿವರವನ್ನಾದರೂ ತೋರಿಸಬಾರದೇ? ಇಲ್ಲಿ ಖಾಸಗಿತನದ ಪ್ರಶ್ನೆ ಬರುತ್ತದೆ. ಇಂದಿನ ವರದಿಯಲ್ಲಿ 45–54ರ ಮಹಿಳೆಯರ ಪಾಲು ಸೊನ್ನೆ ಎಂದಿರಲಿ. ಶಿಕ್ಷಕರು ಸಂಜೆ ತಮ್ಮ ಸಹೋದ್ಯೋಗಿಯೊಬ್ಬರಿಗೆ ವಿಡಿಯೋದ ಕೊಂಡಿಯನ್ನು ಕಳುಹಿಸುತ್ತಾರೆ. ಮರುದಿನ ಅದೇ ಪಾಲು 4.8% ಆಗಿದ್ದರೆ, ಅದು 21ರಲ್ಲಿ ಒಂದು. ಅವರು ವಿಡಿಯೋ ನೋಡಿದರು ಎಂಬುದೂ ಅವರ ವಯಸ್ಸು ಯಾವ ಗುಂಪಿನದು ಎಂಬುದೂ ಹೇಳದೆಯೇ ತಿಳಿದುಹೋಯಿತು. ಎರಡು ವರದಿಗಳ ವ್ಯತ್ಯಾಸದಿಂದ ವ್ಯಕ್ತಿಯೊಬ್ಬರನ್ನು ಹೀಗೆ ಗುರುತಿಸುವುದನ್ನು ತಡೆಯಲು, ಒಂದು ಮಿತಿಗಿಂತ ಕಡಿಮೆ ಸಂಖ್ಯೆಯಿದ್ದರೆ ವರದಿಯನ್ನೇ ಮರೆಮಾಡುತ್ತಾರೆ. ಪರಸ್ಪರ ಪರಿಚಿತರೇ ನೋಡುವ ವಾಹಿನಿಗೆ ಈ ರಕ್ಷಣೆ ಹೆಚ್ಚು ಅಗತ್ಯ.

ಮರೆಮಾಡದಿದ್ದರೂ ಆ ಅಂಕಿಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. 20ರಲ್ಲಿ 12 ಮಹಿಳೆಯರಿದ್ದರೆ ವರದಿ 60% ಎನ್ನುತ್ತದೆ. ಈ 20 ಖಾತೆಗಳನ್ನು ಯಾದೃಚ್ಛಿಕ ಮಾದರಿ ಎಂದು ಉದಾರವಾಗಿ ಒಪ್ಪಿದರೂ ಇದರ ಅನಿಶ್ಚಿತತೆ ಸುಮಾರು 22 ಅಂಶಗಳಷ್ಟು. ಅಂದರೆ ನಿಜವಾದ ಪಾಲು 38ರಿಂದ 82ರವರೆಗೆ ಎಲ್ಲಿಯಾದರೂ ಇರಬಹುದು. 2,000 ಖಾತೆಗಳಿದ್ದರೆ ಇದು ಸುಮಾರು 2 ಅಂಶಗಳಿಗೆ ಇಳಿಯುತ್ತದೆ.

ಹಾಗಾದರೆ ಆಕ್ಷೇಪಣೆ ಯಾವುದಕ್ಕೆ? ಮರೆಮಾಡಿದ್ದಕ್ಕಲ್ಲ, ಮರೆಮಾಡಿದ ರೀತಿಗೆ. ‘ತಿಳಿಯದು’ ಮತ್ತು ‘ಸಾಲದು’ ಎರಡೂ ಬೇರೆ ಬೇರೆ. ಲಾಗಿನ್ ಆಗದವರ ವಯಸ್ಸು ವ್ಯವಸ್ಥೆಗೇ ತಿಳಿಯದು; ಲಾಗಿನ್ ಆದ ಕೆಲವರ ವಯಸ್ಸು ತಿಳಿದಿದ್ದರೂ ಹೇಳುವಂತಿಲ್ಲ. ನಮ್ಮ ಜನಗಣತಿಯ ವಯೋವಾರು ಕೋಷ್ಟಕಗಳಲ್ಲಿ ವಯಸ್ಸು ತಿಳಿಸದವರಿಗೆ ಪ್ರತ್ಯೇಕ ಸಾಲೇ ಇದೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಕೋಷ್ಟಕವೂ ಹಾಗೆಯೇ ಇದೆ. ಗೂಗಲ್ ಅನಾಲಿಟಿಕ್ಸ್ ಕೂಡ ಅಂಥವರನ್ನು `unknown` ಎಂಬ ಸಾಲಿನಲ್ಲಿ ತೋರಿಸುತ್ತದೆ. ಯೂಟ್ಯೂಬ್‌ನ ವರದಿಯಾದರೋ ಅವರನ್ನು ಬಿಟ್ಟು ಉಳಿದವರನ್ನೇ 100% ಎಂದು ಹಂಚುತ್ತದೆ. ಛೇದದಲ್ಲಿ ಎಷ್ಟು ಖಾತೆಗಳಿವೆ ಎಂದು ತಿಳಿಸುವುದಿಲ್ಲ. ಮರೆಮಾಡುವ ಮಿತಿ ಎಷ್ಟೆಂಬುದನ್ನೂ ಪ್ರಕಟಿಸಿಲ್ಲ. ಛೇದವಿಲ್ಲದ ಶೇಕಡಾವನ್ನು ನಾವು ವಿದ್ಯಾರ್ಥಿಯ ಪ್ರಯೋಗ ಪುಸ್ತಕದಲ್ಲಿ ಒಪ್ಪುವುದಿಲ್ಲ. ಇಲ್ಲಿ ಏಕೆ ಒಪ್ಪಬೇಕು?

ಕೊರತೆ ಯಾವ ಬಗೆಯದೆಂದು ಸ್ವಲ್ಪಮಟ್ಟಿಗೆ ಪರೀಕ್ಷಿಸಬಹುದು. ವರದಿಯ ಅವಧಿಯನ್ನು 28 ದಿನಗಳಿಂದ 90ಕ್ಕೆ, ಅನಂತರ 365ಕ್ಕೆ ಏರಿಸಿ ನೋಡಿ. ಅಂಕಿಗಳು ಕಾಣಿಸಿಕೊಂಡರೆ, ಮೊದಲಿಗೆ ಮಿತಿಯಷ್ಟು ಖಾತೆಗಳು ಸೇರಿರಲಿಲ್ಲ ಎಂದರ್ಥ. ವೀಕ್ಷಣೆಗಳು ಸಾಕಷ್ಟು ಬೆಳೆದರೂ ಕೋಷ್ಟಕ ಖಾಲಿಯೇ ಉಳಿದರೆ, ಹೆಚ್ಚಿನವರು ಲಾಗಿನ್ ಆಗದೆಯೇ ನೋಡುತ್ತಿರುವ ಸಂಭವವಿದೆ.

ಅಂಕಿಗಳು ಕಾಣಿಸಿದಾಗಲೂ ಅವು ಖಾತೆಗಳ ವಯಸ್ಸೇ ಹೊರತು ನೋಡುಗರದ್ದಲ್ಲ. ತಂದೆಯ ಮೊಬೈಲಿನಲ್ಲಿ ಮಗಳು ನೋಡಿದರೆ ದಾಖಲಾಗುವುದು ತಂದೆಯ ವಯಸ್ಸು. ತರಗತಿಯಲ್ಲಿ ಶಿಕ್ಷಕಿಯೊಬ್ಬರು ತಮ್ಮ ಖಾತೆಯಿಂದ ಪ್ರೊಜೆಕ್ಟರ್‌ನಲ್ಲಿ ವಿಡಿಯೋ ತೋರಿಸಿದರೆ, 40 ಮಕ್ಕಳ ಬದಲು ಲೆಕ್ಕಕ್ಕೆ ಬರುವವರು ಅವರೊಬ್ಬರೇ. ಆದ್ದರಿಂದ ಯಾವ ತರಗತಿಯವರು ನೋಡುತ್ತಿದ್ದಾರೆಂದು ತಿಳಿಯಬೇಕಾದ ಶಿಕ್ಷಕರು, ಹೆಸರು ಬರೆಯದ ಚೀಟಿಯಲ್ಲಿ ಮಕ್ಕಳಿಂದ ತರಗತಿಯನ್ನಷ್ಟೇ ಬರೆಸಿಕೊಳ್ಳುವುದು ಲೇಸು. ಆಗ ಎಷ್ಟು ಜನರನ್ನು ಕೇಳಿದೆವು, ಎಷ್ಟು ಜನ ಉತ್ತರಿಸಲಿಲ್ಲ ಎಂಬೆರಡೂ ಕೈಯಲ್ಲಿರುತ್ತವೆ.